ಬೆಳೆ ವಿಮೆ: ಯಾವ ನಷ್ಟಕ್ಕೆ ಪರಿಹಾರವಿಲ್ಲ? ಗುಡೇಕೋಟೆ ಹೋಬಳಿಯ ಮಳೆಯಾಶ್ರಿತ ಶೇಂಗಾ ಬೆಳೆಗಾರರಿಗೆ ಒಂದು ಪುಟದ ಪಟ್ಟಿ



ಕರ್ನಾಟಕ ರೈತ ಸುರಕ್ಷಾ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯು 2016ರ ಮುಂಗಾರು ಹಂಗಾಮಿನಿಂದ ಜಾರಿಯಲ್ಲಿದೆ. ಮುಂಗಾರಿನ ಆಹಾರಧಾನ್ಯ ಹಾಗೂ ಎಣ್ಣೆಕಾಳು ಬೆಳೆಗಳಿಗೆ ರೈತರು ತುಂಬುವ ಕಂತು ವಿಮಾ ಮೊತ್ತದ ಗರಿಷ್ಠ ಶೇ. 2 ಎಂಬುದು ಬಹುತೇಕರಿಗೆ ತಿಳಿದಿದೆ. ಆದರೆ ಯಾವ ನಷ್ಟಕ್ಕೆ ವಿಮೆ ಅನ್ವಯಿಸುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದು ಸಾಮಾನ್ಯವಾಗಿ ಬೆಳೆ ಕೈತಪ್ಪಿದ ಮೇಲೆಯೇ. ಯೋಜನೆಯ ಕಾರ್ಯಾಚರಣಾ ಮಾರ್ಗಸೂಚಿಯು ನೂರಾರು ಕಲಮುಗಳ ದೊಡ್ಡ ದಾಖಲೆ. ಅದನ್ನು ಒಂದು ಪುಟಕ್ಕೆ ಇಳಿಸುವುದು ಹೇಗೆ ಎಂಬುದನ್ನು ಗುಡೇಕೋಟೆ ಭಾಗದ ಮಸಾರಿ ಭೂಮಿಯ ಮಳೆಯಾಶ್ರಿತ ಶೇಂಗಾ ಬೆಳೆಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮಾರ್ಗಸೂಚಿಯಲ್ಲಿ ‘ಹೊರತುಪಡಿಸಿದ ನಷ್ಟಗಳು’ ಎಂಬ ಭಾಗ ಕೆಲವೇ ಸಾಲುಗಳದ್ದು. ಯುದ್ಧ, ಅಣು ವಿಕಿರಣ, ದುರುದ್ದೇಶದ ಹಾನಿ, ತಡೆಯಬಹುದಾಗಿದ್ದ ನಷ್ಟ ಮುಂತಾದವುಗಳನ್ನು ಅಲ್ಲಿ ಹೇಳಿ ಮುಗಿಸಲಾಗಿದೆ. ಅಷ್ಟನ್ನೇ ಓದಿದ ರೈತರು ಉಳಿದೆಲ್ಲ ನಷ್ಟಕ್ಕೂ ರಕ್ಷಣೆ ಇದೆ ಎಂದು ಭಾವಿಸುವುದು ಸಹಜ, ಆದರೆ ತಪ್ಪು. ನಿಜವಾದ ಹೊರಗಿಡುವಿಕೆಗಳು ಆ ಭಾಗದಲ್ಲಿಲ್ಲ. ಅವು ವ್ಯಾಖ್ಯೆಗಳಲ್ಲಿ, ದಿನಗಳ ಗಡುವಿನಲ್ಲಿ ಮತ್ತು ಅಳತೆಯ ವಿಧಾನದಲ್ಲಿ ಅಡಗಿವೆ. ಆದ್ದರಿಂದ ಪ್ರತಿ ಕಲಮನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ನಷ್ಟವನ್ನು ಯಾರ ಹೊಲದಲ್ಲಿ ಅಳೆಯುತ್ತಾರೆ? ಯಾವ ಕಾರಣಕ್ಕೆ ಆದ ನಷ್ಟ? ಯಾವ ದಿನದವರೆಗೆ? ಈ ಮೂರರಲ್ಲಿ ಒಂದಕ್ಕಾದರೂ ‘ಇಲ್ಲ’ ಎಂಬ ಉತ್ತರ ಬಂದರೆ ಆ ಕಲಮು ನಿಮ್ಮ ಪಟ್ಟಿಗೆ ಸೇರುತ್ತದೆ. ಉಳಿದದ್ದನ್ನು ಬಿಟ್ಟುಬಿಡಬಹುದು.

ಮೊದಲ ಪ್ರಶ್ನೆಯೇ ಹೆಚ್ಚು ಮಹತ್ವದ್ದು. ಇದು ಮೂಲತಃ ಕ್ಷೇತ್ರಾಧಾರಿತ ವಿಮೆ. ಅಂದರೆ ನಿಮ್ಮ ಹೊಲದ ಇಳುವರಿಯನ್ನಲ್ಲ, ನಿಮ್ಮ ವಿಮಾ ಘಟಕದ ಸರಾಸರಿ ಇಳುವರಿಯನ್ನು ನೋಡಿ ಪರಿಹಾರ ನಿರ್ಧಾರವಾಗುತ್ತದೆ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಇತರ ಬೆಳೆಗಳಿಗೆ ಹೋಬಳಿ ವಿಮಾ ಘಟಕವಾಗಿರುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಶೇಂಗಾ ಬೆಳೆ ಯಾವ ಮಟ್ಟದಲ್ಲಿ ಅಧಿಸೂಚಿತವಾಗಿದೆ ಎಂಬುದನ್ನು ಆಯಾ ಹಂಗಾಮಿನ ಸರ್ಕಾರಿ ಅಧಿಸೂಚನೆಯಲ್ಲಿಯೇ ನೋಡಬೇಕು.

ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ಒಂದು ಪಂಚಾಯಿತಿಯ ಹಿಂದಿನ ಏಳು ವರ್ಷಗಳ ಶೇಂಗಾ ಇಳುವರಿ ಹೆಕ್ಟೇರಿಗೆ 900, 750, 400, 820, 610, 300 ಮತ್ತು 720 ಕಿಲೋ ಎಂದಿರಲಿ. ಇವುಗಳಲ್ಲಿ ಉತ್ತಮವಾದ ಐದು ವರ್ಷಗಳನ್ನು ಮಾತ್ರ ಆಯ್ದುಕೊಂಡರೆ ಸರಾಸರಿ 760 ಕಿಲೋ. ನಷ್ಟಭರ್ತಿ ಮಟ್ಟ ಶೇ. 80 ಆಗಿದ್ದರೆ ಖಾತರಿ ಇಳುವರಿ 608 ಕಿಲೋ. ಈ ವರ್ಷ ಬೆಳೆ ಕಟಾವು ಪ್ರಯೋಗಗಳಲ್ಲಿ ಪಂಚಾಯಿತಿಯ ಸರಾಸರಿ 550 ಕಿಲೋ ಬಂದರೆ ಕೊರತೆ 58 ಕಿಲೋ, ಎಂದರೆ ಖಾತರಿ ಇಳುವರಿಯ ಸುಮಾರು ಶೇ. 9.5. ಹೆಕ್ಟೇರಿಗೆ ವಿಮಾ ಮೊತ್ತ 50,000 ರೂಪಾಯಿ ಎಂದಿಟ್ಟುಕೊಂಡರೆ ಪರಿಹಾರ ಸುಮಾರು 4,770 ರೂಪಾಯಿ. ಪಂಚಾಯಿತಿಯ ಸರಾಸರಿ 610 ಕಿಲೋ ಬಂದರೆ ಪರಿಹಾರ ಶೂನ್ಯ.

ಈಗ ಗಮನಿಸಿ. ಎರಡೂ ಸಂದರ್ಭಗಳಲ್ಲಿ ನಿಮ್ಮ ಹೊಲದಲ್ಲಿ ಒಂದು ಕಾಯಿಯೂ ಸಿಗದೆ ಹೋಗಿರಬಹುದು, ಲೆಕ್ಕ ಬದಲಾಗುವುದಿಲ್ಲ. ಬಂಡೆಗುಡ್ಡಗಳ ನಡುವಿನ ನಮ್ಮ ಭಾಗದಲ್ಲಿ ಗುಡ್ಡದ ಈಚೆ ಮಳೆ ಬಿದ್ದು ಆಚೆ ಬೀಳದಿರುವುದು ಹೊಸದೇನಲ್ಲ. ಹೂವು ಬಿಟ್ಟು ಊಡು ಇಳಿಯುವ ಸಮಯದಲ್ಲಿ ಹತ್ತು ಹದಿನೈದು ದಿನ ಮಳೆ ಕೈಕೊಟ್ಟರೆ ಆ ಹೊಲದ ಗತಿ ಮುಗಿಯಿತು. ಹಾಗೆಯೇ ಟಿಕ್ಕಾ ಎಲೆಚುಕ್ಕೆ ರೋಗವೋ ಸುರುಳಿಪೂಚಿಯೋ ನಿಮ್ಮ ಹೊಲವನ್ನಷ್ಟೇ ಹಾಳು ಮಾಡಬಹುದು. ಬರ, ಕೀಟ, ರೋಗ ಇವೆಲ್ಲ ವಿಮೆಯ ವ್ಯಾಪ್ತಿಯಲ್ಲಿವೆ ಎಂಬುದು ನಿಜ, ಆದರೆ ಘಟಕದ ಸರಾಸರಿಯನ್ನು ಇಳಿಸುವಷ್ಟು ವ್ಯಾಪಕವಾಗಿದ್ದರೆ ಮಾತ್ರ. ಇದನ್ನು ಯಾವ ಕಲಮೂ ‘ಹೊರತುಪಡಿಸಲಾಗಿದೆ’ ಎಂದು ಬರೆದಿಲ್ಲ. ನನ್ನ ದೃಷ್ಟಿಯಲ್ಲಿ ಪಟ್ಟಿಯ ಮೊದಲ ಸಾಲು ಇದೇ ಆಗಬೇಕು.

ಎರಡನೆಯ ಪ್ರಶ್ನೆ ಕಾರಣದ್ದು. ವೈಯಕ್ತಿಕ ಹೊಲವನ್ನು ನೋಡಿ ಪರಿಹಾರ ಕೊಡುವ ಅವಕಾಶವೂ ಇದೆ. ಅದಕ್ಕೆ ಸ್ಥಳೀಯ ವಿಕೋಪ ಎಂದು ಹೆಸರು. ಆದರೆ ಅಲ್ಲಿ ಸೇರಿರುವುದು ಆಲಿಕಲ್ಲು ಮಳೆ, ಭೂಕುಸಿತ, ಬೆಳೆ ಮುಳುಗಡೆ, ಮೇಘಸ್ಫೋಟ ಮತ್ತು ಸಿಡಿಲಿನಿಂದ ಹತ್ತಿದ ಬೆಂಕಿ ಇಷ್ಟೇ. ಪಕ್ಕದ ಹೊಲದ ಕಸಕ್ಕೆ ಹಚ್ಚಿದ ಬೆಂಕಿ ನಿಮ್ಮ ಬೆಳೆಗೆ ತಗುಲಿದರೆ ಅದು ಈ ಪಟ್ಟಿಯಲ್ಲಿಲ್ಲ. ಬೆಲೆ ಕುಸಿತವೂ ಇಲ್ಲ, ಏಕೆಂದರೆ ವಿಮೆ ಇಳುವರಿಗೆ, ಬೆಲೆಗಲ್ಲ. ಕಳಪೆ ಬೀಜದಿಂದ ನಿಮ್ಮ ಹೊಲದಲ್ಲಿ ಮೊಳಕೆ ಬಾರದಿದ್ದರೆ ಅದಕ್ಕೆ ರಸೀದಿ ಇಟ್ಟುಕೊಂಡು ಬೀಜದ ಮಾರಾಟಗಾರರ ವಿರುದ್ಧ ದೂರು ಕೊಡುವುದು ಬೇರೆಯೇ ದಾರಿ.

ಕಾಡುಪ್ರಾಣಿಗಳ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಗುಡೇಕೋಟೆ ಕರಡಿಧಾಮದ ಅಂಚಿನ ರೈತರಿಗೆ ಕರಡಿ ಮತ್ತು ಕಾಡುಹಂದಿಯ ಕಾಟ ಮಳೆಯ ಕೊರತೆಯಷ್ಟೇ ದೊಡ್ಡದು. ಕಾಯಿ ಕಟ್ಟಿದ ಶೇಂಗಾವನ್ನು ಹಂದಿಗಳ ಹಿಂಡು ಒಂದೇ ರಾತ್ರಿಯಲ್ಲಿ ಕೆದಕಿ ಮುಗಿಸಬಲ್ಲದು. ಬಹಳ ಕಾಲ ಸಾಕುಪ್ರಾಣಿ ಮೇಯ್ದ ಅಥವಾ ಕಾಡುಪ್ರಾಣಿ ನಾಶಪಡಿಸಿದ ಬೆಳೆಯು ಹೊರತುಪಡಿಸಿದ ನಷ್ಟಗಳ ಸಾಲಿನಲ್ಲಿಯೇ ಇತ್ತು. 2025ರ ನವೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಕಾಡುಪ್ರಾಣಿ ದಾಳಿಯಿಂದಾಗುವ ನಷ್ಟವನ್ನು ಸ್ಥಳೀಯ ಅಪಾಯದ ವರ್ಗದಲ್ಲಿ ಹೆಚ್ಚುವರಿ ರಕ್ಷಣೆಯಾಗಿ 2026ರ ಮುಂಗಾರಿನಿಂದ ಸೇರಿಸುವುದಾಗಿ ಪ್ರಕಟಿಸಿತು. ಆದರೆ ಯಾವ ಪ್ರಾಣಿಗಳು, ಯಾವ ಜಿಲ್ಲೆ ಅಥವಾ ವಿಮಾ ಘಟಕಗಳು ಎಂಬುದನ್ನು ರಾಜ್ಯ ಸರ್ಕಾರವೇ ಅಧಿಸೂಚಿಸಬೇಕು. ಆದುದರಿಂದ ‘ಈಗ ಕಾಡುಪ್ರಾಣಿಗೂ ವಿಮೆ ಇದೆ’ ಎಂಬ ಮಾತನ್ನು ನಂಬಿ ಕೂರಬಾರದು. ನಿಮ್ಮ ಹಂಗಾಮಿನ ಅಧಿಸೂಚನೆಯಲ್ಲಿ ನಿಮ್ಮ ಘಟಕದ ಹೆಸರೂ ಪ್ರಾಣಿಯ ಹೆಸರೂ ಎರಡೂ ಇವೆಯೇ ಎಂದು ನೋಡಿ; ಇಲ್ಲವಾದರೆ ಆ ನಷ್ಟ ಇನ್ನೂ ಹೊರಗೇ ಉಳಿದಿದೆ ಎಂದು ತಿಳಿಯಿರಿ. ಅರಣ್ಯ ಇಲಾಖೆಗೆ ಬೆಳೆಹಾನಿ ಪರಿಹಾರದ ಅರ್ಜಿ ಸಲ್ಲಿಸುವುದು ಇದರಿಂದ ಪ್ರತ್ಯೇಕವಾದ ಕ್ರಮ.

ಮೂರನೆಯದು ದಿನಗಳ ಪ್ರಶ್ನೆ. ಶೇಂಗಾ ಬೆಳೆಗಾರರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕೊಯ್ಲಿನ ನಂತರ ಹೊಲದಲ್ಲಿ ಒಣಗಲು ಹರಡಿದ ಅಥವಾ ಸಣ್ಣ ಕಟ್ಟುಗಳಾಗಿ ಇಟ್ಟ ಬೆಳೆಗೆ, ಕೊಯ್ದ ದಿನದಿಂದ ಗರಿಷ್ಠ 14 ದಿನಗಳವರೆಗೆ, ಆಲಿಕಲ್ಲು, ಚಂಡಮಾರುತ ಹಾಗೂ ಅಕಾಲಿಕ ಮಳೆಯಿಂದಾದ ನಷ್ಟಕ್ಕೆ ರಕ್ಷಣೆಯಿದೆ. ಒಬ್ಬ ರೈತರು ಅಕ್ಟೋಬರ್ 10ರಂದು ಶೇಂಗಾ ಕಿತ್ತು ಹೊಲದಲ್ಲಿಯೇ ಹರಡಿದರೆಂದುಕೊಳ್ಳಿ. 16ರಂದು ಮಳೆ ಬಂದು ಕಾಯಿಯಲ್ಲಿಯೇ ಮೊಳಕೆಯೊಡೆದರೆ ಅವರು ಅರ್ಹರು. ಮೋಡ ಕಂಡು 15ರಂದೇ ಬಳ್ಳಿಯನ್ನೆಲ್ಲ ಒಂದೆಡೆ ಸೇರಿಸಿ ಬಣವೆ ಒಟ್ಟಿದ್ದರೆ, ಅದೇ 16ರ ಮಳೆಗೆ ಬುಡ ನೆನೆದು ಬೂಷ್ಟು ಹಿಡಿದರೂ ಪರಿಹಾರವಿಲ್ಲ. ಒಕ್ಕಣೆಗೆ ಮುನ್ನ ಒಂದೆಡೆ ರಾಶಿ ಹಾಕಿದ ಬೆಳೆಯನ್ನು ಹೊರತುಪಡಿಸಲಾಗಿದೆ. ಮುಂಜಾಗ್ರತೆಯೇ ಮುಳುವಾಗುವ ಈ ನಿಯಮ ನನಗೂ ಒಪ್ಪಿಗೆಯಾಗುವುದಿಲ್ಲ. ಆದರೂ ಬಣವೆ ಒಟ್ಟಬೇಡಿ ಎಂದು ಸಲಹೆ ನೀಡಲಾರೆ. ಬೆಳೆ ಉಳಿಸಿಕೊಳ್ಳುವುದು ವಿಮೆಗಿಂತ ಮೊದಲಿನದು. ಒಟ್ಟಿದ ಮೇಲೆ ತಾಡಪಾಲು ಮುಚ್ಚಿ, ಬುಡಕ್ಕೆ ಕಲ್ಲು ಅಥವಾ ಕಟ್ಟಿಗೆ ಹಾಸಿ. ಆ ಕ್ಷಣದಿಂದ ಜವಾಬ್ದಾರಿ ನಿಮ್ಮದೇ ಎಂದು ತಿಳಿದಿರಲಿ.

ಸ್ಥಳೀಯ ವಿಕೋಪಕ್ಕಾಗಲಿ ಕೊಯ್ಲೋತ್ತರ ನಷ್ಟಕ್ಕಾಗಲಿ ಘಟನೆಯಾದ 72 ಗಂಟೆಯೊಳಗೆ ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಕಾರಣ ಮತ್ತು ದಿನಾಂಕವನ್ನು ತಿಳಿಸಬೇಕು. 14447 ಸಹಾಯವಾಣಿ, ಬೆಳೆ ವಿಮೆ ಆ್ಯಪ್, ಬ್ಯಾಂಕ್ ಅಥವಾ ಕೃಷಿ ಇಲಾಖೆ, ಇವುಗಳಲ್ಲಿ ಯಾವುದಾದರೂ ಸರಿ. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಾಲ್ಕನೆಯ ದಿನ ನೆನಪಾದ ನಷ್ಟ ಎಷ್ಟೇ ನಿಜವಾಗಿದ್ದರೂ ತಿರಸ್ಕೃತವಾಗಬಹುದು.

ಬಿತ್ತನೆಯಾಗದ ಸಂದರ್ಭಕ್ಕೂ ಒಂದು ಮಿತಿಯಿದೆ. ಘಟಕದ ಶೇ. 75ಕ್ಕಿಂತ ಹೆಚ್ಚು ಪ್ರದೇಶದಲ್ಲಿ ಮಳೆಯಿಲ್ಲದೆ ಬಿತ್ತನೆ ನಿಂತರೆ ವಿಮಾ ಮೊತ್ತದ ಶೇ. 25 ದೊರೆಯುತ್ತದೆ, ಅಲ್ಲಿಗೆ ಆ ಹಂಗಾಮಿನ ವಿಮೆಯೂ ಮುಗಿಯುತ್ತದೆ. ತಡವಾಗಿ ಮಳೆ ಬಂದು ನೀವು ಅದೇ ಹೊಲದಲ್ಲಿ ಮತ್ತೆ ಬಿತ್ತಿದ ಬೆಳೆಗೆ ಅದು ಅನ್ವಯಿಸದು.

ಇನ್ನು ದಾಖಲೆಯ ಮಾತು. ವಿಮೆ ಮಾಡಿಸಿದ ಬೆಳೆಗೂ ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ದಾಖಲಾದ ಬೆಳೆಗೂ ತಾಳೆಯಾಗದಿದ್ದರೆ ಪರಿಹಾರ ನಿಲ್ಲುತ್ತದೆ. ಬ್ಯಾಂಕಿನಲ್ಲಿ ಹಳೆಯ ದಾಖಲೆಯಂತೆ ಶೇಂಗಾಕ್ಕೆ ಕಂತು ಕಡಿತವಾಗಿ, ಹೊಲದಲ್ಲಿ ನೀವು ಮೆಕ್ಕೆಜೋಳ ಹಾಕಿದ್ದರೆ ಆಗುವುದು ಇದೇ. ಮಳೆಯಾಶ್ರಿತ ಶೇಂಗಾ ಮತ್ತು ನೀರಾವರಿ ಶೇಂಗಾ ಅಧಿಸೂಚನೆಯಲ್ಲಿ ಎರಡು ಬೇರೆ ಬೆಳೆಗಳು ಎಂಬುದೂ ನೆನಪಿರಲಿ. ಸಾಲಗಾರ ರೈತರಿಗೆ 2020ರ ಮುಂಗಾರಿನಿಂದ ವಿಮೆ ಐಚ್ಛಿಕ. ಬೇಡವೆಂದರೆ ಕೊನೆಯ ದಿನಾಂಕಕ್ಕೆ 7 ದಿನ ಮೊದಲು ಬ್ಯಾಂಕಿಗೆ ಲಿಖಿತವಾಗಿ ತಿಳಿಸಬೇಕು.

ಇಷ್ಟನ್ನು ಒಂದು ಪುಟಕ್ಕೆ ಇಳಿಸಿದರೆ ಪಟ್ಟಿ ಹೀಗಾಗುತ್ತದೆ. ವಿಸ್ತರಣಾ ಕಾರ್ಯಕರ್ತರು ಇದನ್ನು ನಕಲು ಮಾಡಿ ರೈತ ಸಂಪರ್ಕ ಕೇಂದ್ರದ ಗೋಡೆಗೆ ಹಚ್ಚಬಹುದು.

1. ಪಂಚಾಯಿತಿ ಅಥವಾ ಹೋಬಳಿಯ ಸರಾಸರಿ ಇಳಿಯದೆ ನನ್ನ ಹೊಲಕ್ಕಷ್ಟೇ ತಟ್ಟಿದ ಬರ, ಕೀಟ, ರೋಗ: ಪರಿಹಾರವಿಲ್ಲ.
2. ದನಕರು ಮೇಯ್ದದ್ದು, ಕಳವು, ಜನ ಹಚ್ಚಿದ ಬೆಂಕಿ, ಬೆಲೆ ಕುಸಿತ: ಇಲ್ಲ.
3. ಕರಡಿ, ಹಂದಿ: ಈ ಹಂಗಾಮಿನ ಅಧಿಸೂಚನೆಯಲ್ಲಿ ಪ್ರಾಣಿ ಮತ್ತು ಘಟಕ ಎರಡೂ ಇಲ್ಲದಿದ್ದರೆ, ಇಲ್ಲ.
4. ಬಣವೆ ಒಟ್ಟಿದ ಬೆಳೆ, ಅಥವಾ ಕೊಯ್ದು 14 ದಿನ ದಾಟಿದ ಬೆಳೆ: ಇಲ್ಲ.
5. 72 ಗಂಟೆಯೊಳಗೆ ತಿಳಿಸದ ಸ್ಥಳೀಯ ಅಥವಾ ಕೊಯ್ಲೋತ್ತರ ನಷ್ಟ: ಇಲ್ಲ.
6. ಬಿತ್ತನೆಯಾಗದ ಪರಿಹಾರ ಪಡೆದ ಮೇಲೆ ಮತ್ತೆ ಬಿತ್ತಿದ ಬೆಳೆ: ಇಲ್ಲ.
7. ಬೆಳೆ ಸಮೀಕ್ಷೆಯೊಂದಿಗೆ ತಾಳೆಯಾಗದ ಬೆಳೆ: ಇಲ್ಲ.

ಯಾವ ಹೆಚ್ಚುವರಿ ರಕ್ಷಣೆಗಳು ಜಾರಿಯಲ್ಲಿರಬೇಕು ಎಂಬುದನ್ನು ರಾಜ್ಯವು ಪ್ರತಿ ಹಂಗಾಮಿನ ಅಧಿಸೂಚನೆಯಲ್ಲಿ ತಿಳಿಸುವುದರಿಂದ 3, 4 ಮತ್ತು 6ನೇ ಸಾಲುಗಳನ್ನು ಪ್ರತಿ ವರ್ಷ ಹೊಸದಾಗಿ ಪರಿಶೀಲಿಸಬೇಕು. ಅರ್ಜಿಯ ಸ್ಥಿತಿ, ಬೆಳೆಯ ಹೆಸರು ಮತ್ತು ಸರ್ವೆ ನಂಬರನ್ನು ‘ಸಂರಕ್ಷಣೆ’ ಜಾಲತಾಣದಲ್ಲಿ ನೋಡಬಹುದು. ತಪ್ಪು ಕಂಡಲ್ಲಿ ನೋಂದಣಿಯ ಕೊನೆಯ ದಿನಾಂಕಕ್ಕೆ ಮುನ್ನವೇ ಬ್ಯಾಂಕ್ ಅಥವಾ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿರಿ.