ಒಂದು ಫ್ರೇಮ್ ಕಳೆದರೆ ಉಳಿದ ಐವತ್ತರ ಗತಿ ಏನು?

ಲಕ್ಷದ್ವೀಪದ ಕವರಟ್ಟಿಗೂ ಕೊಚ್ಚಿಗೂ ನಡುವೆ ಸುಮಾರು 400 ಕಿಲೋಮೀಟರ್ ಸಮುದ್ರವಿದೆ. 2024ರ ಜನವರಿಯಲ್ಲಿ ಸಮುದ್ರದಡಿಯ ಆಪ್ಟಿಕಲ್ ಕೇಬಲ್ ಉದ್ಘಾಟನೆಯಾಗುವವರೆಗೆ ಅಲ್ಲಿನ ಇಂಟರ್ನೆಟ್ಟಿಗೆ ಉಪಗ್ರಹವೇ ಆಸರೆ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿಕೊಳ್ಳುವ ಜಿಸ್ಯಾಟ್‌ನಂಥ ಸಂಪರ್ಕ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿರುತ್ತವೆ. ಹೀಗಾಗಿ 400 ಕಿ.ಮೀ. ಆಚೆಗೆ ಹೋಗಬೇಕಾದ ಸಂಕೇತ ಮೇಲೇರಿ ಕೆಳಗಿಳಿಯುವಷ್ಟರಲ್ಲಿ 71,000 ಕಿ.ಮೀ.ಗೂ ಹೆಚ್ಚು ಓಡಿರುತ್ತದೆ. ಬೆಳಕಿನ ವೇಗದಲ್ಲಿ ಓಡಿದರೂ ಅದಕ್ಕೆ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. "ತಲುಪಿತು" ಎಂಬ ಉತ್ತರ ಹಿಂದಿರುಗಲು ಇನ್ನೊಂದು ಕಾಲು ಸೆಕೆಂಡು ಬೇಕು.

ಈ ಅರ್ಧ ಸೆಕೆಂಡನ್ನು ಕಳಿಸುವ ಕಂಪ್ಯೂಟರ್ ಹೇಗೆ ಕಳೆಯುತ್ತದೆ ಎಂಬುದರ ಮೇಲೆ ಕಡತ ಹತ್ತು ಸೆಕೆಂಡಿನಲ್ಲಿ ಹೋಗುತ್ತದೋ ಎಂಟು ನಿಮಿಷ ಹಿಡಿಯುತ್ತದೋ ಎಂಬುದು ನಿಂತಿದೆ. ಅದಕ್ಕೆ ಮೂರು ಪದ್ಧತಿಗಳಿವೆ: ಸ್ಟಾಪ್ ಅಂಡ್ ವೇಟ್, ಗೋ ಬ್ಯಾಕ್ ಎನ್ ಮತ್ತು ಸೆಲೆಕ್ಟಿವ್ ರಿಪೀಟ್. ಸೆಲೆಕ್ಟಿವ್ ರಿಪೀಟ್ ಎಲ್ಲಕ್ಕಿಂತ ದಕ್ಷ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಆ ದಕ್ಷತೆಗೆ ಒಂದು ಬೆಲೆಯಿದೆ. ಅದನ್ನು ತೆರಬೇಕಾದ್ದು ಸ್ವೀಕರಿಸುವ ಕಡೆಯ ಮೆಮೊರಿ. ಮೆಮೊರಿ ಸಾಕಷ್ಟು ಇಲ್ಲದಿದ್ದರೆ ಹೇಳಿದ ಲಾಭ ಕೈಗೆ ಸಿಗುವುದೇ ಇಲ್ಲ. ಇದನ್ನು ಲೆಕ್ಕ ಹಾಕಿಯೇ ನೋಡೋಣ.

ಒಂದು ಕಳಿಸಿ ಕಾಯುವುದು

ಉಪಗ್ರಹದ ಕೊಂಡಿಯ ವೇಗ ಸೆಕೆಂಡಿಗೆ 10 ಲಕ್ಷ ಬಿಟ್, ಅಂದರೆ 1 ಎಂಬಿಪಿಎಸ್ ಎಂದುಕೊಳ್ಳಿ. 12.5 ಲಕ್ಷ ಬೈಟಿನ ಒಂದು ಫೋಟೊವನ್ನು ತಲಾ 1,250 ಬೈಟಿನ 1,000 ತುಂಡು ಮಾಡಿದ್ದೇವೆ. ಈ ತುಂಡಿಗೆ ಫ್ರೇಮ್ ಎನ್ನುತ್ತಾರೆ. ಒಂದು ಫ್ರೇಮಿನಲ್ಲಿ 10,000 ಬಿಟ್ ಇರುವುದರಿಂದ ಅದನ್ನು ಕೊಂಡಿಗೆ ಹಾಕಲು 10 ಮಿಲಿಸೆಕೆಂಡು ಸಾಕು. ಹೋಗಲು 250, ಸ್ವೀಕೃತಿ ಬರಲು 250 ಮಿಲಿಸೆಕೆಂಡು. ಸ್ವೀಕೃತಿ ತೀರ ಚಿಕ್ಕದಾದ್ದರಿಂದ ಅದನ್ನು ಕೊಂಡಿಗೆ ಹಾಕುವ ಸಮಯವನ್ನು ಬಿಟ್ಟುಬಿಡೋಣ.

ಸ್ಟಾಪ್ ಅಂಡ್ ವೇಟ್ ಪದ್ಧತಿಯಲ್ಲಿ ಒಂದು ಫ್ರೇಮ್ ಕಳಿಸಿದ ಮೇಲೆ ಅದರ ಸ್ವೀಕೃತಿ ಬರುವವರೆಗೆ ಎರಡನೆಯದನ್ನು ಕಳಿಸುವಂತಿಲ್ಲ. ನಿಗದಿತ ಸಮಯದೊಳಗೆ ಸ್ವೀಕೃತಿ ಬಾರದಿದ್ದರೆ ಟೈಮರ್ ಮುಗಿಯುತ್ತದೆ, ಅದೇ ಫ್ರೇಮ್ ಮತ್ತೆ ಹೋಗುತ್ತದೆ. ಇಲ್ಲಿ 510 ಮಿಲಿಸೆಕೆಂಡಿಗೆ ಒಂದು ಫ್ರೇಮ್ ಸಾಗುತ್ತದೆ. ಅದರಲ್ಲಿ ಕೆಲಸ ನಡೆದದ್ದು 10 ಮಿಲಿಸೆಕೆಂಡು ಮಾತ್ರ, ಉಳಿದ 500 ಬರಿಯ ಕಾಯುವಿಕೆ. ದಕ್ಷತೆ ಶೇ. 2ಕ್ಕೂ ಒಂದಿಷ್ಟು ಕಡಿಮೆ. ಸಾವಿರ ಫ್ರೇಮಿಗೆ 510 ಸೆಕೆಂಡು, ಅಂದರೆ ಎಂಟೂವರೆ ನಿಮಿಷ. ಒಂದು ಫ್ರೇಮೂ ಕಳೆಯದಿದ್ದಾಗಿನ ಲೆಕ್ಕ ಇದು.

ಹಾಗೆಂದು ಈ ಪದ್ಧತಿಯನ್ನು ಕೆಲಸಕ್ಕೆ ಬಾರದ್ದು ಎನ್ನಲಾಗದು. ಸ್ವೀಕರಿಸುವವರಿಗೆ ಒಂದು ಫ್ರೇಮಿನಷ್ಟು ಜಾಗ ಸಾಕು. ಫ್ರೇಮುಗಳಿಗೆ 0, 1, 0, 1 ಎಂದು ಒಂದೇ ಬಿಟ್ಟಿನಲ್ಲಿ ಸಂಖ್ಯೆ ಕೊಟ್ಟರೆ ಹೊಸತೋ ಹಳೆಯದೋ ಗೊತ್ತಾಗುತ್ತದೆ. ಬ್ಲೂಟೂತ್ ಹೆಡ್‌ಫೋನಿಗೂ ಫೋನಿಗೂ ನಡುವೆ ಕೆಲವೇ ಮೀಟರ್ ಅಂತರವಿರುತ್ತದೆ, ಸಂಕೇತ ಹೋಗಿಬರುವ ಸಮಯ ಲೆಕ್ಕಕ್ಕೇ ಬರುವುದಿಲ್ಲ. ಅಂಥಲ್ಲಿ ಕಾಯುವುದರಿಂದ ನಷ್ಟವಿಲ್ಲ, ಬ್ಲೂಟೂತ್ ಬಳಸುವುದೂ ಇದೇ ಒಂದು ಬಿಟ್ಟಿನ ಉಪಾಯವನ್ನು. ಈ ಪದ್ಧತಿಯನ್ನು ಸೋಲಿಸುವುದು ದೂರ.

ಕಾಯದೆ ಕಳಿಸುತ್ತ ಹೋಗುವುದು

ಸ್ವೀಕೃತಿ ಬರುವ ಮುನ್ನವೇ ಮುಂದಿನ ಫ್ರೇಮುಗಳನ್ನು ಕಳಿಸುತ್ತ ಹೋದರೆ? ಮೊದಲ ಫ್ರೇಮಿನ ಸ್ವೀಕೃತಿ ಬರುವ 510 ಮಿಲಿಸೆಕೆಂಡಿನಲ್ಲಿ ತಲಾ 10ರಂತೆ 51 ಫ್ರೇಮ್ ಕಳಿಸಬಹುದು. ಸ್ವೀಕೃತಿಯಿಲ್ಲದೆ ಇಷ್ಟು ಫ್ರೇಮ್ ಹೊರಗಿರಬಹುದು ಎಂಬ ಈ ಮಿತಿಗೆ ವಿಂಡೋ ಎನ್ನುತ್ತಾರೆ. ವಿಂಡೋ 51 ಇದ್ದರೆ ಕೊಂಡಿ ಒಂದು ಕ್ಷಣವೂ ಖಾಲಿ ಕೂರುವುದಿಲ್ಲ. ಫೋಟೊ ಹತ್ತೂವರೆ ಸೆಕೆಂಡಿನಲ್ಲಿ ಹೋಗಿ ಮುಗಿಯುತ್ತದೆ.

ಮಿಕ್ಕ ಎರಡು ಪದ್ಧತಿಗಳು ಇಲ್ಲಿಯವರೆಗೆ ಒಂದೇ. ದಾರಿ ಬೇರೆಯಾಗುವುದು ಫ್ರೇಮ್ ಕಳೆದಾಗ. ಸೊನ್ನೆಯಿಂದ ಎಣಿಸಿ 20ನೇ ಫ್ರೇಮ್ ದಾರಿಯಲ್ಲಿ ಕೆಟ್ಟಿತು ಎಂದುಕೊಳ್ಳಿ. ಅದು ಹೊರಟು ಮುಗಿದದ್ದು 210ನೇ ಮಿಲಿಸೆಕೆಂಡಿಗೆ, ಸ್ವೀಕೃತಿ ಬರಬೇಕಾದ್ದು 710ಕ್ಕೆ. ಅದು ಬರಲಿಲ್ಲ, ಟೈಮರ್ ಮುಗಿಯಿತು. ಅಷ್ಟರಲ್ಲಿ 70ನೇ ಫ್ರೇಮ್ ಕೂಡ ಹೊರಟಾಗಿದೆ.

ಗೋ ಬ್ಯಾಕ್ ಎನ್ ಪದ್ಧತಿಯ ಸ್ವೀಕರಿಸುವವರು ನೆನಪಿಟ್ಟುಕೊಳ್ಳುವುದು ಒಂದೇ ಸಂಖ್ಯೆಯನ್ನು: ಮುಂದೆ ಬರಬೇಕಾದ ಫ್ರೇಮ್ ಯಾವುದು. 20 ಬರಬೇಕಿದ್ದಾಗ 21 ಬಂದರೆ ಅದು ಸರಿಯಾಗಿದ್ದರೂ ಬಿಸಾಡುತ್ತಾರೆ. 22, 23 ಹೀಗೆ 70ರವರೆಗೂ ಅಷ್ಟೇ. ಕಳಿಸುವವರು 20ಕ್ಕೆ ಹಿಂದಿರುಗಿ ಅಲ್ಲಿಂದ 70ರವರೆಗಿನ 51 ಫ್ರೇಮುಗಳನ್ನು ಮತ್ತೆ ಕಳಿಸಬೇಕು. ಕೆಟ್ಟದ್ದು ಒಂದು, ದಂಡ 51.

ನೂರಕ್ಕೆ ಒಂದು ಫ್ರೇಮ್ ಕೆಡುವ ಕೊಂಡಿಯಲ್ಲಿ ನಮ್ಮ ಫೋಟೊಗೆ ಸುಮಾರು 10 ಸಲ ಹೀಗಾಗುತ್ತದೆ. ಒಂದೊಂದು ಸಲಕ್ಕೂ ಅರ್ಧ ಸೆಕೆಂಡು ಸೇರಿ, ಹತ್ತು ಸೆಕೆಂಡಿನ ಕೆಲಸ ಹದಿನೈದಾಗುತ್ತದೆ. ದಕ್ಷತೆ ಶೇ. 66ಕ್ಕೆ ಇಳಿಯುತ್ತದೆ. ಹತ್ತಕ್ಕೆ ಒಂದು ಕೆಡುವ ಹಾಳು ಕೊಂಡಿಯಾದರೆ ದಕ್ಷತೆ ಶೇ. 15 ಅಷ್ಟೆ. ಅದಕ್ಕೆ ಪ್ರತಿಯಾಗಿ ಸಿಗುವುದು ಸರಳತೆ: ಸ್ವೀಕರಿಸುವ ಯಂತ್ರದಲ್ಲಿ ಫ್ರೇಮುಗಳನ್ನು ಕೂಡಿಡುವ ಬಫರ್ ಬೇಡ, ಜೋಡಿಸುವ ಕೆಲಸವಿಲ್ಲ. ಮೆಮೊರಿ ದುಬಾರಿಯಾಗಿದ್ದ ಕಾಲಕ್ಕೆ ಇದು ಸಣ್ಣ ಉಳಿತಾಯವಾಗಿರಲಿಲ್ಲ.

ಕೂಡಿಟ್ಟುಕೊಳ್ಳುವುದು

ಸೆಲೆಕ್ಟಿವ್ ರಿಪೀಟ್ ಪದ್ಧತಿಯಲ್ಲಿ 21ರಿಂದ 70ರವರೆಗಿನ 50 ಫ್ರೇಮುಗಳನ್ನು ಸ್ವೀಕರಿಸುವವರು ಬಫರಿನಲ್ಲಿ ಇಟ್ಟುಕೊಂಡು, ಒಂದೊಂದಕ್ಕೂ ಪ್ರತ್ಯೇಕ ಸ್ವೀಕೃತಿ ಕಳಿಸುತ್ತಾರೆ. ಕಳಿಸುವವರು 20ನ್ನು ಮಾತ್ರ ಮತ್ತೆ ಕಳಿಸುತ್ತಾರೆ. 970ನೇ ಮಿಲಿಸೆಕೆಂಡಿಗೆ ಅದು ತಲುಪಿದೊಡನೆ 51 ಫ್ರೇಮುಗಳೂ ಕ್ರಮವಾಗಿ ಒಟ್ಟಿಗೆ ಮೇಲಿನ ಪ್ರೋಗ್ರಾಮಿಗೆ ಹೋಗುತ್ತವೆ. ಅಲ್ಲಿಯವರೆಗೆ ಬಫರಿನಲ್ಲಿ ಕುಳಿತದ್ದು 50 ಫ್ರೇಮ್, ಅಂದರೆ 62,500 ಬೈಟ್.

ದಂಡ ಒಂದೇ ಫ್ರೇಮ್ ಆದ್ದರಿಂದ ನೂರಕ್ಕೆ ಒಂದು ಕೆಟ್ಟರೆ ದಕ್ಷತೆ ಶೇ. 99, ಹತ್ತಕ್ಕೆ ಒಂದು ಕೆಟ್ಟರೆ ಶೇ. 90 ಎನ್ನುತ್ತದೆ ಪಠ್ಯಪುಸ್ತಕ. ಆದರೆ ಗಡಿಯಾರವನ್ನು ಹಿಡಿದು ಇನ್ನೊಮ್ಮೆ ನೋಡಿ. 710ಕ್ಕೆ ಶುರುಮಾಡಿದ 20ನೇ ಫ್ರೇಮ್ 720ಕ್ಕೆ ಹೊರಟು ಮುಗಿಯಿತು. ಮುಂದೆ 71ನ್ನು ಕಳಿಸೋಣವೆಂದರೆ ವಿಂಡೋ 51ರದ್ದು. ಸ್ವೀಕೃತಿ ಬಾರದ ಅತಿ ಹಳೆಯ ಫ್ರೇಮ್ 20 ಆಗಿರುವುದರಿಂದ 70ರ ಆಚೆ ಹೋಗುವಂತಿಲ್ಲ. 20ರ ಸ್ವೀಕೃತಿ ಬರುವುದು 1,220ಕ್ಕೆ. ಅಲ್ಲಿಯವರೆಗೆ ಅರ್ಧ ಸೆಕೆಂಡು ಕೊಂಡಿ ಖಾಲಿ. ಗೋ ಬ್ಯಾಕ್ ಎನ್ ಆಗಿದ್ದರೆ ಆ ಅರ್ಧ ಸೆಕೆಂಡಿನಲ್ಲಿ 51 ಫ್ರೇಮುಗಳನ್ನು ಮತ್ತೆ ಕಳಿಸಿ, ಅದೂ 1,220ಕ್ಕೇ 71ನ್ನು ಶುರುಮಾಡುತ್ತಿತ್ತು. ಈ ಒಂದು ನಷ್ಟದ ಮಟ್ಟಿಗೆ ಎರಡೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ.

ಲಾಭ ಕಾಣಬೇಕಾದರೆ ವಿಂಡೋವನ್ನು ಇಮ್ಮಡಿ ಮಾಡಿ 102ಕ್ಕೆ ಏರಿಸಬೇಕು. ಆಗ 121ನೇ ಫ್ರೇಮಿನವರೆಗೆ ಕಳಿಸಲು ಅನುಮತಿಯಿದೆ. 720ರಿಂದ 1,220ರ ನಡುವೆ 71ರಿಂದ 120ರವರೆಗಿನ 50 ಹೊಸ ಫ್ರೇಮುಗಳು ತಡೆಯಿಲ್ಲದೆ ಹೋಗುತ್ತವೆ. ಶೇ. 99ರ ಹತ್ತಿರಕ್ಕೆ ಹೋಗುವುದು ಇಂಥ ಅಗಲದ ವಿಂಡೋದಿಂದ. ಮತ್ತೆ ಕಳಿಸಿದ ಫ್ರೇಮೇ ಇನ್ನೊಮ್ಮೆ ಕೆಟ್ಟರೂ ಕೊಂಡಿ ನಿಲ್ಲಬಾರದು ಎಂದರೆ ವಿಂಡೋ ಇನ್ನೂ ಅಗಲವಾಗಬೇಕು. ವಿಂಡೋ ಅಗಲವಾದಷ್ಟೂ ಸ್ವೀಕರಿಸುವವರು ಕಾಯ್ದಿರಿಸಬೇಕಾದ ಜಾಗ ಹೆಚ್ಚುತ್ತದೆ. 102ಕ್ಕೆ 1,27,500 ಬೈಟ್ ಆಯಿತು.

ಸಂಖ್ಯೆಗಳು ಮರುಕಳಿಸಿದಾಗ

ಇನ್ನೊಂದು ಅಪಾಯವೂ ಉಂಟು. ಫ್ರೇಮಿನ ಸಂಖ್ಯೆಗೆ ಇರುವ ಬಿಟ್ಟುಗಳು ಕೆಲವೇ, ಹಾಗಾಗಿ ಸಂಖ್ಯೆಗಳು ಸುತ್ತಿ ಬರುತ್ತವೆ. 0, 1, 2, 3 ಎಂಬ ನಾಲ್ಕೇ ಸಂಖ್ಯೆಗಳಿವೆ, ವಿಂಡೋ 3 ಎಂದುಕೊಳ್ಳಿ. 0, 1, 2 ಹೋದವು, ಮೂರೂ ತಲುಪಿದವು. ಸ್ವೀಕರಿಸುವವರು ಈಗ 3, 0, 1ಕ್ಕೆ ಜಾಗ ಮಾಡಿ ಕಾಯುತ್ತಿದ್ದಾರೆ. ಆದರೆ ಮೂರು ಸ್ವೀಕೃತಿಗಳೂ ದಾರಿಯಲ್ಲಿ ಕಳೆದವು. ಟೈಮರ್ ಮುಗಿದು ಹಳೆಯ 0 ಮತ್ತೆ ಬಂತು. ಸ್ವೀಕರಿಸುವವರು ಅದನ್ನು ಹೊಸ 0 ಎಂದುಕೊಂಡು ಬಫರಿಗೆ ಸೇರಿಸಿದರು. ಯಾವ ದೋಷಸೂಚನೆಯೂ ಇಲ್ಲದೆ ಕಡತ ಹಾಳಾಯಿತು.

ಅದಕ್ಕಾಗಿಯೇ ಸೆಲೆಕ್ಟಿವ್ ರಿಪೀಟ್ ಪದ್ಧತಿಯಲ್ಲಿ ವಿಂಡೋ ಒಟ್ಟು ಸಂಖ್ಯೆಗಳ ಅರ್ಧವನ್ನು ಮೀರಬಾರದು. ಗೋ ಬ್ಯಾಕ್ ಎನ್ ಒಂದೇ ಸಂಖ್ಯೆಗೆ ಕಾಯುವುದರಿಂದ ಅಲ್ಲಿ ಒಟ್ಟು ಸಂಖ್ಯೆಗಳಿಗಿಂತ ಒಂದು ಕಡಿಮೆಯಿದ್ದರೆ ಸಾಕು. 7 ಬಿಟ್ಟಿನ 128 ಸಂಖ್ಯೆಗಳಲ್ಲಿ ಗೋ ಬ್ಯಾಕ್ ಎನ್ 127ರ ವಿಂಡೋ ಇಡಬಹುದು, ಸೆಲೆಕ್ಟಿವ್ ರಿಪೀಟ್ 64ಕ್ಕೆ ನಿಲ್ಲಬೇಕು. ನಮ್ಮ 102ರ ವಿಂಡೋಗೆ 8 ಬಿಟ್ ಬೇಕು.

ಟಿಸಿಪಿ ನಡೆದ ದಾರಿ

ಇಂಟರ್ನೆಟ್ಟಿನ ಟಿಸಿಪಿ ಈ ಎರಡೂ ಗೋಡೆಗಳಿಗೆ ತಾಗಿದೆ. ಮೊದಲ ರೂಪದಲ್ಲಿ "ನನ್ನ ಬಫರಿನಲ್ಲಿ ಇಷ್ಟು ಜಾಗವಿದೆ" ಎಂದು ಹೇಳಲು 16 ಬಿಟ್ ಮಾತ್ರ ಇದ್ದವು, ಅಂದರೆ ಗರಿಷ್ಠ 65,535 ಬೈಟ್. ನಮ್ಮ 51 ಫ್ರೇಮಿನ ವಿಂಡೋ 63,750 ಬೈಟ್ ಆದ್ದರಿಂದ ಅದರಲ್ಲಿ ಅಂಚಿಗೆ ಹಿಡಿಸುತ್ತದೆ. 102ರದ್ದು ಹಿಡಿಸುವುದಿಲ್ಲ. 1992ರಲ್ಲಿ ಬಂದ RFC 1323 ವಿಂಡೋವನ್ನು ಹಿಗ್ಗಿಸುವ ಸೌಲಭ್ಯ ಕೊಟ್ಟಿತು. ಯಾವ ಯಾವ ತುಣುಕು ಕೈಸೇರಿದೆ ಎಂದು ಬಿಡಿಸಿ ಹೇಳುವ ವಿಧಾನ 1996ರ RFC 2018ರಲ್ಲಿ ಬಂತು. ಅದೇ ಇಂದಿನ ಸ್ಯಾಕ್, ಸೆಲೆಕ್ಟಿವ್ ರಿಪೀಟಿನ ಟಿಸಿಪಿ ರೂಪ. ಲಿನಕ್ಸ್ ಯಂತ್ರದಲ್ಲಿ ಎರಡನ್ನೂ ಒಟ್ಟಿಗೆ ನೋಡಬಹುದು:

```
sysctl net.ipv4.tcp_sack net.ipv4.tcp_rmem
```

ಮೊದಲ ಸಾಲಿನಲ್ಲಿ 1 ಬಂದರೆ ಸ್ಯಾಕ್ ಚಾಲನೆಯಲ್ಲಿದೆ. ಎರಡನೆಯದರ ಕೊನೆಯ ಅಂಕಿ ಸ್ವೀಕರಿಸುವ ಬಫರ್ ತಾನಾಗಿ ಎಷ್ಟು ಬೈಟಿನವರೆಗೆ ಬೆಳೆಯಬಹುದು ಎಂಬುದು.

ದೂರದ ಕೊಂಡಿ ನಿಧಾನವಾದಾಗ ರೋಗ ಯಾವುದೆಂದು ಈ ಲೆಕ್ಕದಿಂದಲೇ ಹಿಡಿಯಬಹುದು. ಫ್ರೇಮುಗಳು ಕಳೆಯುತ್ತಿಲ್ಲ, ಆದರೂ ಕೊಂಡಿ ಬಹುಪಾಲು ಖಾಲಿಯಿದ್ದರೆ ವಿಂಡೋ ಚಿಕ್ಕದು. ಕೊಂಡಿ ತುಂಬಿ ಹರಿಯುತ್ತಿದೆ, ಕಡತ ಮಾತ್ರ ಮುಂದೆ ಸಾಗುತ್ತಿಲ್ಲ ಎಂದರೆ ಒಮ್ಮೆ ತಲುಪಿದ್ದೇ ಮತ್ತೆ ಮತ್ತೆ ಹೋಗುತ್ತಿದೆ. ನಷ್ಟವಾದಾಗಲೆಲ್ಲ ಅರ್ಧ ಸೆಕೆಂಡು ನಿಂತು ಮುಂದುವರಿಯುತ್ತಿದ್ದರೆ ಬಿಡಿ ಫ್ರೇಮುಗಳ ಮರುರವಾನೆಯೇನೋ ಇದೆ, ಅದಕ್ಕೆ ತಕ್ಕ ಬಫರ್ ಇಲ್ಲ. ಈ ಮೂರನೆಯದಕ್ಕೆ ಹೆಚ್ಚು ವೇಗದ ಕೊಂಡಿ ಕೊಂಡರೆ ತೊಂದರೆ ಇನ್ನಷ್ಟು ಬಿಗಡಾಯಿಸುತ್ತದೆ. ವೇಗ ಇಮ್ಮಡಿಯಾದರೆ ಅದೇ ಅರ್ಧ ಸೆಕೆಂಡಿನಲ್ಲಿ ದಾರಿಯ ಮೇಲಿರುವ ಫ್ರೇಮುಗಳೂ ಇಮ್ಮಡಿಯಾಗುತ್ತವೆ, ಅವುಗಳಿಗೆ ಬೇಕಾದ ಬಫರೂ ಇಮ್ಮಡಿಯಾಗುತ್ತದೆ. ಆದ್ದರಿಂದ ಮೊದಲು ದೊಡ್ಡದು ಮಾಡಬೇಕಾದ್ದು ಸ್ವೀಕರಿಸುವ ಕಡೆಯ ಬಫರನ್ನು.