ಎಲೆ ಲೆಕ್ಕ ಯಾರದು?

ಮದುವೆ ಊಟಕ್ಕೆ 500 ಎಲೆ, ಎಲೆಗೆ 350 ರೂಪಾಯಿ ಎಂದು ಮಾತಾಗಿತ್ತು ಎನ್ನಿ. ಒಟ್ಟು 1,75,000. ಛತ್ರ ಖಾಲಿಯಾಗುವ ಹೊತ್ತಿಗೆ ಅಡುಗೆ ಕಂಟ್ರಾಕ್ಟರು 580 ಎಲೆ ಎನ್ನುತ್ತಾರೆ; 28,000 ಹೆಚ್ಚು. ಜಗಳಕ್ಕೆ ಮೊದಲು ಕರಾರು ಪತ್ರ ತೆಗೆದು ನೋಡಿ. ಅಲ್ಲಿ 500 ಎಂಬುದು ಸಾಮಾನ್ಯವಾಗಿ ಕನಿಷ್ಠ ಸಂಖ್ಯೆ: 450 ಜನ ಉಂಡರೂ ಅಷ್ಟಕ್ಕೇ ಹಣ, ಮೇಲೆ ಹೋದರೆ ಬಿಲ್ಲೂ ಮೇಲೆ. ಹೆಚ್ಚುವರಿ ಎಲೆಗೆ ಅದೇ ದರವೇ? ವಾದ್ಯದವರು, ಡ್ರೈವರುಗಳು, ಫೋಟೋದವರು ಉಂಡದ್ದೂ ಲೆಕ್ಕವೇ? ತಕರಾರು ಹುಟ್ಟುವುದೇ ಇಲ್ಲಿ. ಎಣಿಸುವವರು ಯಾರೆಂದು ಬರೆದಿರದಿದ್ದರೆ ಕೊನೆಗೆ ಅವರು ಹೇಳಿದ್ದೇ ಲೆಕ್ಕವಾಗುತ್ತದೆ. ಆದ್ದರಿಂದ ಪ್ರತಿ ಪಂಕ್ತಿ ಕೂತಾಗಲೇ ಮನೆಯವರೊಬ್ಬರು ಎಲೆ ಎಣಿಸಿ, ಚೀಟಿಯಲ್ಲಿ ಬರೆದು, ಕಂಟ್ರಾಕ್ಟರ ಕಡೆಯವರ ಸಹಿ ಹಾಕಿಸಿಕೊಳ್ಳಲಿ.