ಎಪ್ಪತ್ತೆಂಟು ಗೆಲುವುಗಳ ಹಿಂದಿನ ಲೆಕ್ಕ

ನಿಫ್ಟಿ ಆಪ್ಷನ್ ಮಾರುವವರಲ್ಲಿ ಶಾರ್ಟ್ ಸ್ಟ್ರಾಂಗಲ್ ಎಂಬ ವ್ಯವಹಾರ ಬಹಳ ಜನಪ್ರಿಯ. ಸೂಚ್ಯಂಕ ಈಗಿರುವ ಮಟ್ಟಕ್ಕಿಂತ ಸಾಕಷ್ಟು ಮೇಲೆ ಒಂದು ಕಾಲ್ ಆಪ್ಷನ್ ಮಾರುತ್ತಾರೆ, ಸಾಕಷ್ಟು ಕೆಳಗೆ ಒಂದು ಪುಟ್ ಆಪ್ಷನ್ ಮಾರುತ್ತಾರೆ. ಎರಡಕ್ಕೂ ಪ್ರೀಮಿಯಂ ಮೊದಲೇ ಕೈಗೆ ಬರುತ್ತದೆ. ಅವಧಿ ಮುಗಿಯುವ ದಿನ ಸೂಚ್ಯಂಕ ಆ ಎರಡು ಗಡಿಗಳ ನಡುವೆ ನಿಂತಿದ್ದರೆ ಪೂರ್ತಿ ಪ್ರೀಮಿಯಂ ಮಾರಿದವರದ್ದೇ. ಗಡಿ ದಾಟಿದರೆ, ದಾಟಿದಷ್ಟೂ ಪಾಯಿಂಟುಗಳನ್ನು ಮಾರಿದವರು ಕೊಡಬೇಕು. ಗಳಿಕೆಗೆ ಮಿತಿ ಇದೆ, ಕೊಡಬೇಕಾದುದಕ್ಕೆ ಮಿತಿ ಇಲ್ಲ.

ಒಂದು ಲೆಕ್ಕವನ್ನೇ ಹಿಡಿಯೋಣ. ನಿಫ್ಟಿ 25,000ದಲ್ಲಿದೆ, ಅವಧಿ ಮುಗಿಯಲು 21 ವಹಿವಾಟಿನ ದಿನಗಳಿವೆ ಎಂದುಕೊಳ್ಳಿ. 26,000ದ ಕಾಲ್ ಅನ್ನು 70 ರೂಪಾಯಿಗೆ, 24,000ದ ಪುಟ್ ಅನ್ನು 90 ರೂಪಾಯಿಗೆ ಮಾರಿದ್ದೇವೆ. ಎರಡೂ 25,000ದಿಂದ ಸಮದೂರದಲ್ಲಿದ್ದರೂ ಪುಟ್ ದುಬಾರಿ, ಏಕೆಂದರೆ ಮಾರುಕಟ್ಟೆ ಏರಿಕೆಗಿಂತ ಕುಸಿತಕ್ಕೆ ಹೆಚ್ಚು ಹೆದರುತ್ತದೆ. ಕೈಗೆ ಬಂದದ್ದು ಒಟ್ಟು 160 ಪಾಯಿಂಟ್. 2025ರಲ್ಲಿ ನಿಫ್ಟಿಯ ಒಂದು ಲಾಟ್ ಎಂದರೆ 75. ಆ ಲೆಕ್ಕದಲ್ಲಿ 12,000 ರೂಪಾಯಿ. ನಿಫ್ಟಿ 23,840 ಮತ್ತು 26,160ರ ನಡುವೆ ಎಲ್ಲಿ ನಿಂತರೂ ನಷ್ಟವಿಲ್ಲ.

ಇಷ್ಟನ್ನು ಕಾಗದದ ಮೇಲೆ ಗೆರೆ ಎಳೆದೇ ನೋಡಬಹುದು. ಆ ಗೆರೆ ಹೇಳದಿರುವುದು ಒಂದಿದೆ: ನಿಫ್ಟಿ ಎಲ್ಲಿ ನಿಲ್ಲುವ ಸಾಧ್ಯತೆ ಎಷ್ಟು? ಅದಕ್ಕಾಗಿಯೇ ಯಾದೃಚ್ಛಿಕ ಸಿಮ್ಯುಲೇಶನ್. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಸ್ಟಾನಿಸ್ಲಾವ್ ಉಲಾಂ, ಜಾನ್ ಫಾನ್ ನಾಯ್ಮನ್, ನಿಕೋಲಸ್ ಮೆಟ್ರೊಪೊಲಿಸ್ ಮೊದಲಾದವರು ರೂಪಿಸಿದ ಈ ವಿಧಾನಕ್ಕೆ ಮಾಂಟೆ ಕಾರ್ಲೊ ಎಂಬ ಹೆಸರು ನಿಂತಿದೆ. ಸೂತ್ರದಿಂದ ಉತ್ತರ ಹುಡುಕುವ ಬದಲು, ಆಗಬಹುದಾದ ಒಂದು ಲಕ್ಷ ತಿಂಗಳುಗಳನ್ನು ಕಂಪ್ಯೂಟರಿನಲ್ಲಿ ನಡೆಸಿ, ಪ್ರತಿ ತಿಂಗಳ ಕೊನೆಯಲ್ಲಿ ಲಾಭ-ನಷ್ಟ ಬರೆದುಕೊಂಡು, ಕೊನೆಗೆ ಎಣಿಸುವುದು. ಪೈಥಾನ್‌ನಲ್ಲಿ ಇದಕ್ಕೆ ಕೆಲವೇ ಸಾಲು ಸಾಕು.

```python
import numpy as np
rng = np.random.default_rng(7)
S0, vol, days, n = 25000, 0.13, 21, 100_000

r = rng.standard_normal((n, days)) * vol / np.sqrt(252)
S = S0 * np.prod(1 + r, axis=1)

pnl = 160 - np.maximum(S - 26000, 0) - np.maximum(24000 - S, 0)
print(pnl.mean(), (pnl > 0).mean())
print(np.percentile(pnl, [5, 1]))
```

ಇದರಲ್ಲಿ ನಾವು ಕೈಯಾರೆ ಇಟ್ಟ ಮುಖ್ಯ ಸಂಖ್ಯೆ `vol`, ಅಂದರೆ ವರ್ಷದ ಏರಿಳಿತ. ಅದನ್ನು ಶೇಕಡಾ 13 ಎಂದಿದ್ದೇವೆ. ವರ್ಷದ ಸುಮಾರು 252 ವಹಿವಾಟಿನ ದಿನಗಳ ವರ್ಗಮೂಲದಿಂದ ಭಾಗಿಸಿದರೆ ದಿನದ ಏರಿಳಿತ ಶೇಕಡಾ 0.82 ಬರುತ್ತದೆ. ಹೀಗಾಗಿ ಮೂರರಲ್ಲಿ ಎರಡು ದಿನ ನಿಫ್ಟಿ ಇನ್ನೂರು ಪಾಯಿಂಟ್ ಆಸುಪಾಸಿನೊಳಗೇ ಏರುತ್ತದೆ ಅಥವಾ ಇಳಿಯುತ್ತದೆ. `r` ಎಂಬ ಕೋಷ್ಟಕದಲ್ಲಿ ಒಂದು ಲಕ್ಷ ಸಾಲು, ಪ್ರತಿ ಸಾಲಿನಲ್ಲಿ 21 ದಿನಗಳ ಏರಿಳಿತ. ಅವನ್ನು ಗುಣಿಸುತ್ತಾ ಹೋದರೆ ಆ ತಿಂಗಳ ಕೊನೆಯ ನಿಫ್ಟಿ ಸಿಗುತ್ತದೆ. ಮಾರುಕಟ್ಟೆ ಏರುತ್ತದೆ ಎಂದಾಗಲಿ ಇಳಿಯುತ್ತದೆ ಎಂದಾಗಲಿ ನಾವು ಊಹಿಸಿಲ್ಲ. ದಿನದ ಸರಾಸರಿ ಚಲನೆ ಸೊನ್ನೆ.

ಓಡಿಸಿದರೆ ಬರುವ ಫಲಿತಾಂಶ ಮೊದಲ ನೋಟಕ್ಕೆ ಆಕರ್ಷಕ. ನೂರರಲ್ಲಿ 78 ತಿಂಗಳು ಲಾಭ. ಅವುಗಳಲ್ಲಿ 71ರಲ್ಲಿ ಪೂರ್ತಿ 12,000 ರೂಪಾಯಿ. ಸರಾಸರಿ ಗಳಿಕೆ ತಿಂಗಳಿಗೆ ಸುಮಾರು 22 ಪಾಯಿಂಟ್, ಅಂದರೆ ಲಾಟಿಗೆ 1,650 ರೂಪಾಯಿ. ಗೆಲುವು ಇಷ್ಟೊಂದಿದ್ದೂ ಸರಾಸರಿ ಇಷ್ಟು ಸಣ್ಣದೇಕೆ? ಸೋತ 22 ತಿಂಗಳುಗಳನ್ನು ಬೇರೆಯಾಗಿ ತೆಗೆದು ನೋಡಿದರೆ ತಿಳಿಯುತ್ತದೆ: ಅವುಗಳ ಸರಾಸರಿ ನಷ್ಟ 450 ಪಾಯಿಂಟ್, ಸುಮಾರು 34,000 ರೂಪಾಯಿ. ಒಂದು ಸೋಲು ಹೆಚ್ಚುಕಡಿಮೆ ಮೂರು ಪೂರ್ಣ ಗೆಲುವುಗಳನ್ನು ನುಂಗುತ್ತದೆ. ಬ್ರೋಕರೇಜ್, ತೆರಿಗೆಗಳನ್ನು ಕಳೆದರೆ ಆ 22 ಪಾಯಿಂಟ್ ಇನ್ನೂ ಸೊರಗುತ್ತದೆ.

ಕೊನೆಯ ಸಾಲಿನ ಎರಡು ಸಂಖ್ಯೆಗಳನ್ನು ಗಮನವಿಟ್ಟು ನೋಡಬೇಕು. ಅತಿ ಕೆಟ್ಟ ಶೇಕಡಾ 5ರ ಗೆರೆ ಸುಮಾರು 680 ಪಾಯಿಂಟ್ ನಷ್ಟದಲ್ಲಿದೆ, ಅಂದರೆ 51,000 ರೂಪಾಯಿ. ಶೇಕಡಾ 1ರ ಗೆರೆ 1,260 ಪಾಯಿಂಟ್ ನಷ್ಟದಲ್ಲಿ, 95,000 ರೂಪಾಯಿಯ ಹತ್ತಿರ. ಇವು ಅತಿ ದೊಡ್ಡ ನಷ್ಟಗಳೆಂದು ಓದುವುದು ಸಾಮಾನ್ಯ ತಪ್ಪು. ಶೇಕಡಾ 5ರ ಗೆರೆ ಹೇಳುವುದು ಇಷ್ಟೇ: ಇಪ್ಪತ್ತು ತಿಂಗಳಿಗೊಮ್ಮೆ ನಷ್ಟ ಇದಕ್ಕಿಂತಲೂ ಹೆಚ್ಚು. ಪ್ರತಿ ತಿಂಗಳೂ ಮಾರುವವರಿಗೆ ಅದು ಎರಡು ವರ್ಷದೊಳಗೆ ಎದುರಾಗುವ ಮಾತು.

ಎಷ್ಟು ಬಾರಿ ಓಡಿಸಬೇಕು ಎಂಬುದೂ ಸಣ್ಣ ವಿಷಯವಲ್ಲ. ಈ ಲಾಭ-ನಷ್ಟಗಳ ಚದುರುವಿಕೆ ಸುಮಾರು 310 ಪಾಯಿಂಟ್. ಒಂದು ಸಾವಿರ ತಿಂಗಳನ್ನಷ್ಟೇ ನಡೆಸಿದರೆ ಸರಾಸರಿಯಲ್ಲೇ ಹತ್ತು ಪಾಯಿಂಟಿನ ಅಲುಗಾಟ ಉಳಿಯುತ್ತದೆ. 22 ಎಂಬುದು ಒಮ್ಮೆ 5 ಆಗಿ, ಇನ್ನೊಮ್ಮೆ 40 ಆಗಿ ಕಾಣಬಹುದು. ಒಂದು ಲಕ್ಷಕ್ಕೆ ಏರಿಸಿದರೆ ಅಲುಗಾಟ ಒಂದು ಪಾಯಿಂಟಿಗೆ ಇಳಿಯುತ್ತದೆ. `default_rng(7)` ಒಳಗಿನ ಸಂಖ್ಯೆಯನ್ನು ಬದಲಿಸಿ ಮತ್ತೆ ಓಡಿಸಿ. ಉತ್ತರ ಹೆಚ್ಚು ಕದಲಿದರೆ ಓಟಗಳ ಸಂಖ್ಯೆ ಸಾಲದು ಎಂದರ್ಥ.

ಆದರೆ ಓಟ ಎಷ್ಟೇ ಹೆಚ್ಚಿಸಿದರೂ ಸರಿಹೋಗದ ದೋಷ ಬೇರೆಯೇ ಇದೆ. ಆ 22 ಪಾಯಿಂಟ್ ಲಾಭ ಬಂದದ್ದೆಲ್ಲಿಂದ? ಶೇಕಡಾ 13ರ ಏರಿಳಿತದಲ್ಲಿ ಈ ಎರಡು ಆಪ್ಷನ್‌ಗಳ ನ್ಯಾಯಬೆಲೆ ಒಟ್ಟು 138 ಪಾಯಿಂಟ್ ಮಾತ್ರ. ನಾವು 160ಕ್ಕೆ ಮಾರಿದ್ದೇವೆ. ಎರಡರ ವ್ಯತ್ಯಾಸವೇ ನಮ್ಮ ಲಾಭ. ಕಂಪ್ಯೂಟರ್ ಲಾಭವನ್ನು ಪತ್ತೆ ಮಾಡಲಿಲ್ಲ, 13 ಎಂದು ಬರೆದಾಗಲೇ ನಾವು ಅದನ್ನು ಒಳಗಿಟ್ಟಿದ್ದೆವು. ಸಿಮ್ಯುಲೇಶನ್ ತೋರಿಸಿ ತಂತ್ರ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಯಾವ ಏರಿಳಿತ ಹಾಕಿದ್ದೀರಿ, ಅದು ಎಲ್ಲಿಂದ ಬಂತು?

ಈಗ ಆ ಒಂದು ಸಂಖ್ಯೆಯನ್ನು 0.18 ಮಾಡಿ, ಉಳಿದದ್ದನ್ನು ಹಾಗೆಯೇ ಬಿಡಿ. ಸದ್ದಿಲ್ಲದ ತಿಂಗಳೆಂದು ಮಾರಿದ ಮೇಲೆ ಮಾರುಕಟ್ಟೆ ಕೆರಳಿದರೆ ಆಗುವುದು ಇದೇ. ಗೆಲುವು 78ರಿಂದ 63ಕ್ಕೆ ಇಳಿಯುತ್ತದೆ. ಅಷ್ಟೇನಲ್ಲ ಎನಿಸಬಹುದು, ಈಗಲೂ ಗೆಲ್ಲುವುದೇ ಹೆಚ್ಚು. ಆದರೆ ಸರಾಸರಿ 22ರ ಲಾಭದಿಂದ ಸುಮಾರು 170 ಪಾಯಿಂಟ್ ನಷ್ಟಕ್ಕೆ ಜಾರುತ್ತದೆ, ತಿಂಗಳಿಗೆ ಲಾಟೊಂದಕ್ಕೆ 12,000ಕ್ಕೂ ಹೆಚ್ಚು. ಶೇಕಡಾ 5ರ ಗೆರೆ 680ರಿಂದ ಸುಮಾರು 1,385ಕ್ಕೆ, ಒಂದು ಲಕ್ಷ ರೂಪಾಯಿಯ ಆಚೆಗೆ ಹೋಗುತ್ತದೆ. ಐದರಲ್ಲಿ ಮೂರು ತಿಂಗಳು ಗೆದ್ದೂ ಬಂಡವಾಳ ಕರಗುವುದು ಹೀಗೆ. ಖಾತೆಯಲ್ಲಿ ಗೆಲುವುಗಳು ಸಾಲಾಗಿ ಕಾಣುತ್ತಿರುವಾಗ ತಂತ್ರವೇ ನಷ್ಟದ್ದೆಂದು ಗೊತ್ತಾಗುವುದು ತಡವಾಗಿ.

ಇನ್ನೊಂದು ದೋಷ `standard_normal` ಎಂಬ ಪದದಲ್ಲಿದೆ. ಘಂಟೆಯಾಕಾರದ ಈ ವಿತರಣೆ ದೊಡ್ಡ ನೆಗೆತಗಳನ್ನು ಬಹುತೇಕ ಅಸಾಧ್ಯವೆಂದೇ ಎಣಿಸುತ್ತದೆ. 2024ರ ಜೂನ್ 4ರಂದು, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ, ನಿಫ್ಟಿ 23,263.90ರಿಂದ 21,884.50ಕ್ಕೆ, ಒಂದೇ ದಿನದಲ್ಲಿ ಶೇಕಡಾ 5.93 ಕುಸಿಯಿತು. ನಮ್ಮ ಮಾದರಿಯಲ್ಲಿ ಅದು ದಿನದ ಏರಿಳಿತದ ಏಳು ಪಟ್ಟಿಗೂ ಹೆಚ್ಚು. ಲಕ್ಷ ತಿಂಗಳು ಓಡಿಸಿದರೂ ಅಂಥ ದಿನ ಒಂದೂ ಕಾಣಿಸದು. ಚುನಾವಣೆಯ ಹೊತ್ತಿಗೆ ಇಂಡಿಯಾ ವಿಐಎಕ್ಸ್ 20 ದಾಟಿತ್ತು, ಪ್ರೀಮಿಯಂಗಳೂ ಏರಿದ್ದವು ನಿಜ. ಆದರೆ ಕೊರೋನಾ ಲಾಕ್‌ಡೌನಿನ ಆರಂಭದಲ್ಲಿ, 2020ರ ಮಾರ್ಚ್ 23ರಂದು, ಆದ ಕುಸಿತ ಶೇಕಡಾ 12.98. ಇಂಥವು ಮಾದರಿಗೆ ಅಸಾಧ್ಯ, ಮಾರುಕಟ್ಟೆಗೆ ಅಲ್ಲ.

ಒಂದು ಸಾಲು ಬದಲಿಸಿದರೆ ದಪ್ಪ ಬಾಲದ ಸ್ಟೂಡೆಂಟ್-ಟಿ ವಿತರಣೆ ಬರುತ್ತದೆ. ಎರಡರ ವರ್ಗಮೂಲದಿಂದ ಭಾಗಿಸುವುದು ಒಟ್ಟು ಏರಿಳಿತ 13ರಲ್ಲೇ ನಿಲ್ಲಲಿ ಎಂದು.

```python
r = rng.standard_t(4, (n, days)) / np.sqrt(2) * vol / np.sqrt(252)
```

ಈ ಮಾದರಿಯಲ್ಲಿ ಶೇಕಡಾ 5.93ರಷ್ಟು ಅಥವಾ ಹೆಚ್ಚಿನ ಕುಸಿತ ಸುಮಾರು ನಾಲ್ಕು ಸಾವಿರ ದಿನಕ್ಕೊಮ್ಮೆ, ಅಂದರೆ ಹದಿನಾರು ವರ್ಷಕ್ಕೊಮ್ಮೆ ಬರುತ್ತದೆ. ಫಲಿತಾಂಶದಲ್ಲಿ ಒಂದು ವಿಚಿತ್ರ ಕಾಣುತ್ತದೆ: ಗೆಲುವಿನ ಪ್ರಮಾಣ ಇಳಿಯುವ ಬದಲು ತುಸು ಏರುತ್ತದೆ. ಹೆಚ್ಚಿನ ದಿನಗಳು ಇನ್ನಷ್ಟು ಶಾಂತವಾಗಿ, ಏರಿಳಿತವೆಲ್ಲ ಕೆಲವೇ ದಿನಗಳಲ್ಲಿ ಗುಂಪುಗೂಡುವುದೇ ಕಾರಣ. ಶೇಕಡಾ 5ರ ಗೆರೆಯಲ್ಲೂ ದೊಡ್ಡ ಬದಲಾವಣೆ ಇರುವುದಿಲ್ಲ. ಶೇಕಡಾ 1ರ ಗೆರೆ ಕೆಳಗಿಳಿಯುತ್ತದೆ, ಸಾವಿರಕ್ಕೊಂದರ ಗೆರೆ ಇನ್ನೂ ಆಳಕ್ಕೆ ಹೋಗುತ್ತದೆ, `pnl.min()` ಮುದ್ರಿಸಿದರೆ ಕಾಣುವ ಸಂಖ್ಯೆ ಬೆಚ್ಚಿಬೀಳಿಸುತ್ತದೆ. ಗೆಲುವಿನ ಶೇಕಡಾವಾರನ್ನೇ ನೆಚ್ಚಿಕೊಂಡವರಿಗೆ ಅಪಾಯ ಹೆಚ್ಚಾದಾಗ ತಂತ್ರ ಸುಧಾರಿಸಿದಂತೆ ತೋರುತ್ತದೆ!

ಕೊನೆಯ ದಿನವನ್ನಷ್ಟೇ ನೋಡುವುದೂ ಸಾಲದು. ಮಾರಿದವರು ಲಾಟಿಗೆ ಲಕ್ಷ ರೂಪಾಯಿ ದಾಟುವ ಮಾರ್ಜಿನ್ ಕಟ್ಟಿರುತ್ತಾರೆ. ನಡುವೆ ನಷ್ಟ ಏರಿ ಅದು ಸಾಲದೆ ಹೋದರೆ ಬ್ರೋಕರ್ ವ್ಯವಹಾರವನ್ನೇ ಮುಚ್ಚಬಹುದು. ಆಮೇಲೆ ನಿಫ್ಟಿ 25,000ಕ್ಕೆ ಮರಳಿ ಬಂದರೂ ಪ್ರಯೋಜನವಿಲ್ಲ. ಮೊದಲಿನ `r` ಇಟ್ಟುಕೊಂಡು ದಾರಿಯನ್ನೂ ನೋಡಬಹುದು.

```python
path = S0 * np.cumprod(1 + r, axis=1)
print(((path > 26000) | (path < 24000)).any(axis=1).mean())
```

ಕೊನೆಯ ದಿನ ಗಡಿಯ ಹೊರಗಿರುವುದು ನೂರರಲ್ಲಿ 29 ತಿಂಗಳು. ಆದರೆ ಯಾವುದಾದರೂ ಒಂದು ದಿನವಾದರೂ ಗಡಿಯ ಹೊರಗೆ ಮುಕ್ತಾಯವಾಗುವುದು 45ರ ಆಸುಪಾಸಿನಲ್ಲಿ. ಭಯಬಿದ್ದು ಅಂದೇ ಹೊರಬರುವವರ ಲಾಭ-ನಷ್ಟದ ಹರಡುವಿಕೆ ನಾವು ಮೇಲೆ ಕಂಡದ್ದಲ್ಲ. ಅದನ್ನು ತಿಳಿಯಬೇಕಾದರೆ ಹೊರಬರುವ ನಿಯಮವನ್ನೂ, ಆ ದಿನದ ಆಪ್ಷನ್ ಬೆಲೆಯನ್ನೂ ಕೋಡಿನಲ್ಲಿ ಬರೆಯಬೇಕು.

ಸೆಬಿಯ 2025ರ ಜುಲೈ ಅಧ್ಯಯನದ ಪ್ರಕಾರ 2024-25ರಲ್ಲಿ ಷೇರು ಡೆರಿವೇಟಿವ್‌ಗಳಲ್ಲಿ ವ್ಯವಹರಿಸಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇಕಡಾ 91 ಮಂದಿ ನಿವ್ವಳ ನಷ್ಟ ಕಂಡರು. ಸ್ಟ್ರಾಂಗಲ್ ಮಾರುವ ಮುನ್ನ ಈ ಕೋಡನ್ನು 0.13ರಲ್ಲಿ ಒಮ್ಮೆ, 0.18ರಲ್ಲಿ ಒಮ್ಮೆ, ಟಿ ವಿತರಣೆಯಲ್ಲಿ ಒಮ್ಮೆ ಓಡಿಸಿ, ಮೂರರಲ್ಲೂ ಶೇಕಡಾ 1ರ ಗೆರೆಯನ್ನು ರೂಪಾಯಿಯಲ್ಲಿ ಬರೆದುಕೊಳ್ಳಿ. ಅವುಗಳಲ್ಲಿ ಅತಿ ಕೆಟ್ಟದ್ದನ್ನು ನಿಮ್ಮ ಖಾತೆ ತಾಳದಿದ್ದರೆ ಇನ್ನೂ ದೂರದ ಕಾಲ್ ಮತ್ತು ಪುಟ್ ಕೊಂಡು ನಷ್ಟಕ್ಕೆ ಮಿತಿ ಹಾಕಿ, ಇಲ್ಲವೇ ಮಾರಲೇ ಬೇಡಿ.